ಪೈಲಿಂಗ್ ಶುರುವಾಗುವ ಮುಂಚೆ ಅಕ್ಕಪಕ್ಕದವರಿಗೆ ಕೊಡುವ ಪತ್ರ: ಇಷ್ಟು ಬರೆದರೆ ಸಾಕಾ?

ಸೈಟ್‌ನಲ್ಲಿರುವವ

ಎಲ್ಲರಿಗೂ ನಮಸ್ಕಾರ. ನಾನು ಒಬ್ಬ ಸಣ್ಣ ಕಂಟ್ರಾಕ್ಟರ್ ಹತ್ತಿರ ಸೈಟ್ ಎಂಜಿನಿಯರ್. ತ್ಯಾಗರಾಜನಗರದಲ್ಲಿ ಹಳೇ ಮನೆ ಕೆಡವಿದ ಜಾಗದಲ್ಲಿ ಒಂದು ಬೇಸ್‌ಮೆಂಟ್, ಮೇಲೆ ನಾಲ್ಕು ಮಹಡಿ ಕಟ್ಟುತ್ತಿದ್ದೇವೆ. ಮಣ್ಣು ಅಗೆಯುವ ಮುಂಚೆ ಮೂರು ಕಡೆ ಕಾಂಪೌಂಡಿನ ಉದ್ದಕ್ಕೂ 36 ಪೈಲ್, ಅಂದರೆ ನೆಲದೊಳಗೆ ಕಾಂಕ್ರೀಟ್ ಕಂಬ, ಹಾಕಬೇಕು. ಒಂದೊಂದೂ 450 ಮಿ.ಮೀ. ದಪ್ಪ, 9 ಮೀಟರ್ ಆಳ. ಸಾಯಿಲ್ ರಿಪೋರ್ಟ್ ಪ್ರಕಾರ 7 ಮೀಟರಿಗೆ ಬಂಡೆ ಸಿಗುತ್ತೆ. ಮೇಲಿನ ಮಣ್ಣನ್ನು ರಿಗ್ ಕೊರೆಯುತ್ತೆ, ಕೆಳಗಿನ ಬಂಡೆ ಒಡೆಯಲು ಭಾರದ ಕಬ್ಬಿಣದ ಚಿಸೆಲ್ ಎತ್ತಿ ಬಿಡುತ್ತೇವೆ. ದಿನಕ್ಕೆ ಎರಡು ಪೈಲ್ ಅಂದುಕೊಂಡರೂ 18 ದಿನ.

ಪೂರ್ವದ ಕಡೆ ಪಕ್ಕದ ಮನೆ ನಮ್ಮ ಪೈಲ್ ಸಾಲಿನಿಂದ 4 ಮೀಟರ್ ದೂರ. ಹಳೇ ಮನೆ, ಸೈಜುಗಲ್ಲಿನ ಪಾಯ, ಒಬ್ಬರೇ ಅಜ್ಜಿ ಇದ್ದಾರೆ. ನಮ್ಮ ಆಫೀಸಿನವರು ಅಕ್ಕಪಕ್ಕದವರಿಗೆ ಕೊಡಲು ಈ ಪತ್ರ ಮಾಡಿಕೊಟ್ಟಿದ್ದಾರೆ:

> ಮಾನ್ಯರೇ, ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ಸದರಿ ನಿವೇಶನದಲ್ಲಿ ಪೈಲಿಂಗ್ ಕಾಮಗಾರಿಯನ್ನು ಹಮ್ಮಿಕೊಂಡಿದ್ದು, ಶಬ್ದವು ಕಾನೂನಿನ ಮಿತಿಯಲ್ಲೇ ಇರುತ್ತದೆ. ತಮ್ಮ ಕಟ್ಟಡಕ್ಕೆ ಯಾವುದೇ ಹಾನಿಯಾಗುವುದಿಲ್ಲ. ಏನಾದರೂ ಅನಾನುಕೂಲವಾದಲ್ಲಿ ವಿಷಾದಿಸುತ್ತೇವೆ. ಸಹಕರಿಸಬೇಕಾಗಿ ವಿನಂತಿ.

ಕೆಳಗೆ ಆಫೀಸ್ ಲ್ಯಾಂಡ್‌ಲೈನ್ ನಂಬರ್ ಇದೆ. ಓದಿದರೆ ನನಗೇ ಏನೋ ಸರಿ ಇಲ್ಲ ಅನ್ನಿಸುತ್ತೆ, ಆದರೆ ಏನು ಅಂತ ಗೊತ್ತಾಗುತ್ತಿಲ್ಲ. ಸೋಮವಾರ ಬಿಟ್ಟು ಮುಂದಿನ ಸೋಮವಾರ ರಿಗ್ ಬರುತ್ತೆ.

ಬನಶಂಕರಿ ಬಾಬು

ಇಂಥದ್ದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ ಸರ್. ಕಾನೂನು ಇರುವುದು ಬೆಳಿಗ್ಗೆ 6ರಿಂದ ರಾತ್ರಿ 10. ಅದನ್ನೇ ಬರೆದುಬಿಡಿ, ಯಾರೂ ಏನೂ ಮಾಡೋಕಾಗಲ್ಲ. ಇನ್ನೊಂದು, ‘ಕ್ಷಮಿಸಿ’ ಅಂತ ಮಾತ್ರ ಬರೆಯಬೇಡಿ. ತಪ್ಪು ಒಪ್ಪಿಕೊಂಡ ಹಾಗೆ. ನಾಳೆ ಕೋರ್ಟಿಗೆ ಅದೇ ಕಾಗದ ತರುತ್ತಾರೆ.

ಮಣ್ಣುಪರೀಕ್ಷೆ

ಬಾಬು ಅವರು ಹೇಳಿದ್ದರಲ್ಲಿ ಅರ್ಧ ನಿಜ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳಲ್ಲಿ ರಾತ್ರಿ ಅಂದರೆ 10ರಿಂದ ಬೆಳಿಗ್ಗೆ 6. ಆ ಹೊತ್ತಿನಲ್ಲಿ ಮನೆಗಳಿರುವ ಕಡೆ ಸದ್ದು ಮಾಡುವ ಕಟ್ಟಡದ ಯಂತ್ರ ಓಡಿಸುವ ಹಾಗೇ ಇಲ್ಲ. ಆದರೆ ಹಗಲಲ್ಲಿ ಏನು ಬೇಕಾದರೂ ಮಾಡಬಹುದು ಅಂತ ಅದರ ಅರ್ಥ ಅಲ್ಲ. ಹಗಲಿಗೂ ವಾಸದ ಪ್ರದೇಶಕ್ಕೆ 55 ಡೆಸಿಬೆಲ್ ಅಂತ ಮಿತಿ ಇದೆ. ಅದು ಒಂದು ಕ್ಷಣದ ಸದ್ದಲ್ಲ, ಹೊತ್ತಿನ ಮೇಲೆ ತೆಗೆದ ಸರಾಸರಿ. ಮಿತಿಗಿಂತ 10 ಡೆಸಿಬೆಲ್ ಜಾಸ್ತಿಯಾದರೆ ಯಾರು ಬೇಕಾದರೂ ದೂರು ಕೊಡಬಹುದು.

ಹತ್ತು ಮೀಟರ್ ದೂರದಲ್ಲಿ ರಿಗ್ ಓಡುತ್ತಿದ್ದರೆ 55ರ ಒಳಗೆ ಇರೋದು ಕನಸಿನ ಮಾತು. ಹಾಗಾಗಿ ‘ಶಬ್ದವು ಕಾನೂನಿನ ಮಿತಿಯಲ್ಲೇ ಇರುತ್ತದೆ’ ಅನ್ನುವ ಸಾಲನ್ನು ಮೊದಲು ಹೊಡೆದುಹಾಕಿ. ಮೊದಲ ದಿನ ಹನ್ನೊಂದು ಗಂಟೆಗೇ ಅದು ಸುಳ್ಳು ಅಂತ ಬೀದಿಗೆಲ್ಲ ಗೊತ್ತಾಗುತ್ತೆ. ಆಮೇಲೆ ಪತ್ರದಲ್ಲಿ ಬೇರೆ ಏನು ಬರೆದಿದ್ದರೂ ಯಾರೂ ನಂಬಲ್ಲ.

‘ಹಾನಿಯಾಗುವುದಿಲ್ಲ’ ಅನ್ನೋದೂ ಹಾಗೇ. ಪಕ್ಕದ ಮನೆಯನ್ನು ಒಳಗೆ ಹೋಗಿ ನೋಡಿದ್ದೀರಾ?

ಕ್ಷಮೆ ಕೇಳಿ ಸರ್. ಸದ್ದಿಗೆ ಕ್ಷಮೆ ಕೇಳೋದು ಬೇರೆ, ಗೋಡೆ ಬಿರುಕಿಗೆ ಹೊಣೆ ಹೊರೋದು ಬೇರೆ. ಆದರೆ ‘ಏನಾದರೂ ಅನಾನುಕೂಲವಾದಲ್ಲಿ’ ಅಂತ ಬೇಡ. ಆಗೇ ಆಗುತ್ತೆ, ಅದರಲ್ಲಿ ಅನುಮಾನ ಏನಿದೆ?

ಕೆಂಗೇರಿ ಕುಮಾರ

ಸರ್, ಇದಕ್ಕೆ ಎಲ್ಲಿ ಕಂಪ್ಲೇಂಟ್ ಕೊಡಬೇಕು ತಿಳಿಸಿ. ನಮ್ಮ ರೋಡಲ್ಲಿ ಬೋರ್‌ವೆಲ್ ಲಾರಿಯವರು ರಾತ್ರಿ ಎರಡು ಗಂಟೆಗೆ ಶುರು ಮಾಡುತ್ತಾರೆ. ನೀವೂ ಒಂದು ಲೆಟರ್ ಕೊಟ್ಟಿದ್ದೀರಿ ಅಂತ ನೋಡಿದೆ, ಅದರ ಕಾಪಿ ಸಿಗುತ್ತಾ?

ಸೈಟ್‌ನಲ್ಲಿರುವವ

ಕುಮಾರ್ ಅಣ್ಣಾ, ಸದ್ದು ಮಾಡುವವನೇ ನಾನು. 😀 ನಿಮ್ಮದು ಬೇರೆ. ರಾತ್ರಿ ಎರಡು ಗಂಟೆಗೆ ಅಂದರೆ ಆಗಲೇ 112ಕ್ಕೆ ಫೋನ್ ಮಾಡಿ, ಮೆಷಿನ್ ಓಡುತ್ತಿರುವಾಗಲೇ.

ಮಣ್ಣುಪರೀಕ್ಷೆ ಸರ್, ಒಳಗೆ ಹೋಗಿಲ್ಲ. ಹೊರಗಿನಿಂದ ನೋಡಿದ್ದೇನೆ ಅಷ್ಟೇ. ಹೋದರೆ ಹಳೇ ಬಿರುಕನ್ನೆಲ್ಲ ನಮ್ಮ ತಲೆಗೆ ಕಟ್ಟುತ್ತಾರೆ ಅಂತ ಕಂಟ್ರಾಕ್ಟರಿಗೆ ಭಯ.

ಮಣ್ಣುಪರೀಕ್ಷೆ

ಉಲ್ಟಾ. ಈಗ ಹೋಗದೇ ಇದ್ದರೆ ತಾನೇ ಹಳೇ ಬಿರುಕೆಲ್ಲ ನಿಮ್ಮದಾಗೋದು?

ಕಂಪನದ ವಿಚಾರ ಸ್ವಲ್ಪ ಹೇಳುತ್ತೇನೆ, ಪತ್ರಕ್ಕೆ ಅದೇ ಮುಖ್ಯ. ಪಾಯದ ಹತ್ತಿರ ನೆಲ ಎಷ್ಟು ಜೋರಾಗಿ ಅಲುಗುತ್ತೆ ಅನ್ನೋದನ್ನ ಸೆಕೆಂಡಿಗೆ ಇಷ್ಟು ಮಿಲಿಮೀಟರ್ ಅಂತ ಅಳೆಯುತ್ತಾರೆ. ಮನೆಯೊಳಗೆ ಕೂತವರಿಗೆ 0.3 ಬಂದರೇ ಗೊತ್ತಾಗಿಬಿಡುತ್ತೆ. ಶೋಕೇಸಿನ ಗಾಜು ಗಲಗಲ ಅನ್ನುತ್ತೆ, ಸ್ಟೀಲ್ ಲೋಟ ಒಂದಕ್ಕೊಂದು ತಗುಲಿ ಸದ್ದು ಮಾಡುತ್ತೆ. ಆದರೆ ಜರ್ಮನಿಯ ಡಿಐಎನ್ 4150 ಮಾನದಂಡ ಸಾಮಾನ್ಯ ಮನೆಯ ಪಾಯಕ್ಕೆ ಇಟ್ಟಿರುವ ತೀರಾ ಕಡಿಮೆ ಮಿತಿ 5. ನಾಜೂಕಾದ ಹಳೇ ಕಟ್ಟಡಕ್ಕೆ 3. ಅಂದರೆ ಗೋಡೆಗೆ ಏನಾದರೂ ಆಗುವ ಎಷ್ಟೋ ಮುಂಚೆಯೇ ಮನುಷ್ಯರಿಗೆ ಗಾಬರಿ ಆಗಿರುತ್ತೆ.

ಈಗ ತಮಾಷೆ ಕೇಳಿ. ಪೈಲಿಂಗ್ ಕಂಪನಕ್ಕೆ ಬ್ರಿಟನ್ನಿನವರ ಬಿಎಸ್ 5228 ಅಂತ ಒಂದು ಕೋಡ್ ಇದೆ. ಅದು ಸೆಕೆಂಡಿಗೆ 1 ಮಿ.ಮೀ. ಕಂಪನದ ಬಗ್ಗೆ ಹೇಳುವುದಿಷ್ಟು: ಮನೆಗಳಲ್ಲಿ ಇಷ್ಟು ಕಂಪನ ಬಂದರೆ ದೂರು ಬರುವ ಸಾಧ್ಯತೆ ಇದೆ, ಆದರೆ ಮುಂಚೆಯೇ ತಿಳಿಸಿ, ಏನು ಅಂತ ವಿವರಿಸಿದ್ದರೆ ಜನ ತಡೆದುಕೊಳ್ಳುತ್ತಾರೆ. ಎಂಜಿನಿಯರಿಂಗ್ ಕೋಡಿನಲ್ಲೇ ಪತ್ರದ ಕೆಲಸ ಏನು ಅಂತ ಬರೆದಿಟ್ಟಿದ್ದಾರೆ ನೋಡಿ. ನಿಮ್ಮ ಪತ್ರ ‘ವಿವರಿಸುತ್ತಾ’? ಅದರಲ್ಲಿ ಚಿಸೆಲ್ ಅನ್ನೋ ಪದವೇ ಇಲ್ಲ.

ಗಾಂಧಿಬಜಾರ್ ಗೀತಾ

ನಾನು ನಿಮ್ಮ ಪತ್ರ ತಗೊಳ್ಳುವ ಕಡೆಯವಳು ಅಂದುಕೊಳ್ಳಿ. ಹೋದ ವರ್ಷ ನಮ್ಮ ಪಕ್ಕದ ಸೈಟಿನಲ್ಲಿ ಇದೇ ಆಯ್ತು. ಪತ್ರ ಬಂತು, ಕೆಳಗೆ ನಂಬರೂ ಇತ್ತು. ಫೋನ್ ಮಾಡಿದರೆ ವಾಚ್‌ಮನ್ ತೆಗೆಯುತ್ತಿದ್ದ. ಪಾಪ, ಅವನೇನು ಮಾಡುತ್ತಾನೆ? ‘ಸಾಹೇಬರಿಗೆ ಹೇಳ್ತೀನಿ ಅಮ್ಮ’ ಅಂತಿದ್ದ. ಸಾಹೇಬರು ಯಾರು ಅಂತ ಕೊನೆಗೂ ಗೊತ್ತಾಗಲಿಲ್ಲ.

ನನಗೆ ಡೆಸಿಬೆಲ್ ಬೇಡ. ಎಷ್ಟು ದಿನ, ಎಷ್ಟು ಹೊತ್ತಿಗೆ, ಆ ಧಡ್ ಧಡ್ ಅನ್ನೋದು ಯಾವಾಗ. ಮಗಳಿಗೆ ಸೆಕೆಂಡ್ ಪಿಯುಸಿ ಇತ್ತು. ಸಮಯ ಗೊತ್ತಿದ್ದಿದ್ದರೆ ಅವಳನ್ನು ಅಷ್ಟು ಹೊತ್ತು ನಮ್ಮ ಅಕ್ಕನ ಮನೆಗೆ ಕಳಿಸುತ್ತಿದ್ದೆ. ಗೊತ್ತಿಲ್ಲದೆ ಇಡೀ ದಿನ ‘ಈಗ ಬರುತ್ತೆ, ಈಗ ಬರುತ್ತೆ’ ಅಂತ ಕಾಯೋದೇ ಆಯ್ತು. ಸದ್ದಿಗಿಂತ ಅದು ಹಿಂಸೆ.

ಮಣ್ಣುಪರೀಕ್ಷೆ

ಗೀತಾ ಮೇಡಂ ಹೇಳಿದ್ದು ಸರಿ. ನಂಬರ್ ಯಾರದ್ದು ಹಾಕಬೇಕು ಅಂದರೆ, ರಿಗ್ ಆಪರೇಟರಿಗೆ ‘ನಿಲ್ಲಿಸು’ ಅಂದರೆ ಅವನು ನಿಲ್ಲಿಸಬೇಕು, ಅಂಥವರದ್ದು. ಸೈಟಿನಲ್ಲಿ ಅದು ನೀವೇ ತಾನೇ?

ಸೈಟ್‌ನಲ್ಲಿರುವವ

ನಾನೇ. ಆದರೆ ನನ್ನ ಸ್ವಂತ ನಂಬರ್ ಕೊಟ್ಟರೆ ಜೀವನ ಪೂರ್ತಿ ಫೋನ್ ಬರುತ್ತೆ. ಒಂದು ಹೊಸ ಸಿಮ್ ತಗೊಳ್ಳುತ್ತೇನೆ. ನಾನು ಇಲ್ಲದಾಗ ಫೋರ್‌ಮನ್ ಹತ್ತಿರ ಆ ಫೋನ್ ಇರಲಿ.

ಸಮಯದ ಬಗ್ಗೆ ಒಂದು ಸಮಸ್ಯೆ ಇದೆ. 9ರಿಂದ 6 ಅಂತ ಬರೆಯಬಹುದು. ಆದರೆ ಕೊರೆದ ಗುಂಡಿಯನ್ನು ರಾತ್ರಿ ಪೂರ್ತಿ ಖಾಲಿ ಬಿಟ್ಟರೆ ಪಕ್ಕದ ಮಣ್ಣು ಕುಸಿಯುತ್ತೆ, ಅದೂ ಅಜ್ಜಿ ಮನೆ ಕಡೆ. ಕಾಂಕ್ರೀಟ್ ಶುರು ಮಾಡಿದ ಮೇಲಂತೂ ಮಧ್ಯ ನಿಲ್ಲಿಸೋ ಹಾಗೇ ಇಲ್ಲ. ಗುಂಡಿಯ ತಳಕ್ಕೆ ಕಾಂಕ್ರೀಟ್ ಇಳಿಸುವ ಟ್ರೆಮಿ ಪೈಪ್ ಒಳಗೆ ಅದು ಗಟ್ಟಿಯಾದರೆ ಆ ಪೈಲ್ ಹೋಯ್ತು. ಮಿಕ್ಸರ್ ಲಾರಿ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಆರು ಗಂಟೆ ಅನ್ನೋದು ಎಂಟಾಗುತ್ತೆ. ಹಾಗಂತ ಪತ್ರದಲ್ಲಿ 8ರವರೆಗೆ ಅಂತ ಬರೆದರೆ ಕಂಟ್ರಾಕ್ಟರ್ ದಿನಾ ಎಂಟರವರೆಗೆ ಕೊರೆಸುತ್ತಾರೆ. ನನಗೆ ಅವರು ಗೊತ್ತು.

ಗಾರೆಕೈ

ಕೊರೆಯೋದಕ್ಕೂ ಸುರಿಯೋದಕ್ಕೂ ಬೇರೆ ಬೇರೆ ಸಮಯ ಬರಿ ಅಣ್ಣ. ನಮ್ಮ ಸೈಟಲ್ಲಿ ಹಾಗೇ ಮಾಡಿದ್ವಿ. ಮಧ್ಯಾಹ್ನ ಮೂರರ ಮೇಲೆ ಹೊಸ ಗುಂಡಿಗೆ ಕೈ ಹಾಕಬಾರದು. ಅಷ್ಟು ಮಾಡಿದ್ರೆ ಆರಕ್ಕೆ ಮುಗಿಯುತ್ತೆ. ಲಾರಿ ಲೇಟಾದ್ರೆ ಅದು ಬರೀ ಕಾಂಕ್ರೀಟ್ ಸದ್ದು, ಧಡ್ ಧಡ್ ಇರಲ್ಲ. ಜನ ಬೈಯಲ್ಲ.

ಇನ್ನೊಂದು. ಮಣ್ಣು ಕೊರೆಯೋ ಆಗರ್‌ಗೆ ಅಂಟಿದ ಮಣ್ಣು ಉದುರಿಸೋಕೆ ಆಪರೇಟರ್ ಮೇಲೆತ್ತಿ ಬಲಕ್ಕೂ ಎಡಕ್ಕೂ ಜೋರಾಗಿ ತಿರುಗಿಸ್ತಾನೆ. ಆಗರ್ ತಿರುಗಿಸೋ ಉದ್ದದ ಕಂಬಿ, ಕೆಲ್ಲಿ, ಪೂರ್ತಿ ಕಟಕಟ ಅಂತ ಬಡ್ಕೊಳ್ಳುತ್ತೆ. ಇಂಜಿನ್ ಸದ್ದಿಗಿಂತ ಅದೇ ಕಿವಿಗೆ ಹೊಡೆಯೋದು. ಒಬ್ಬ ಹುಡುಗನ್ನ ನಿಲ್ಲಿಸಿ ಸಲಿಕೇಲಿ ಕೆರೆಸಿ. ಒಂದು ಪೈಲ್‌ಗೆ ಹತ್ತು ನಿಮಿಷ ಜಾಸ್ತಿ ಆಗಬಹುದು ಅಷ್ಟೇ. ಆಗರ್ ನಿಂತ ಮೇಲೇ ಹುಡುಗ ಹತ್ತಿರ ಹೋಗಬೇಕು, ಮರೀಬೇಡಿ.

ಬನಶಂಕರಿ ಬಾಬು

ಸುತ್ತ ತಗಡಿನ ಶೀಟ್ ಹೊಡೆದುಬಿಟ್ಟರೆ ಸದ್ದೇ ಬರಲ್ಲ. ಇಷ್ಟೆಲ್ಲ ಯಾಕೆ?

ಗಾರೆಕೈ

ಬಾಬು ಸರ್, ಶೀಟ್‌ನಿಂದ ನೆಲದ ಮನೆಯವರಿಗೆ ಅನುಕೂಲ. ಮೊದಲನೇ ಮಹಡಿಯಲ್ಲಿ ನಿಂತು ಮೆಷಿನ್ ಕಾಣಿಸಿದ್ರೆ ಸದ್ದೂ ಕೇಳಿಸುತ್ತೆ. ಬೋಲ್ಟ್ ಸರಿಯಾಗಿ ಬಿಗಿಯದಿದ್ರೆ ಶೀಟೇ ಅದುರಿ ಇನ್ನೊಂದು ಸದ್ದು. ನೆಲದಲ್ಲಿ ಬರೋ ಕಂಪನಕ್ಕೆ ಶೀಟ್ ಏನೂ ಮಾಡಲ್ಲ.

ಮಣ್ಣುಪರೀಕ್ಷೆ

ಗಾರೆಕೈ ಅವರ ಮೂರು ಗಂಟೆಯ ಲೆಕ್ಕ ಪತ್ರದಲ್ಲಿ ಹಾಕಲೇಬೇಕು.

ಈಗ ಚಿಸೆಲ್. ಎಷ್ಟು ತೂಕ, ಎಷ್ಟು ಎತ್ತರದಿಂದ ಬಿಡುತ್ತೀರಿ? ಬಂಡೆಗೆ ಕೋರ್ ಬ್ಯಾರೆಲ್ ಯಾಕೆ ಹಾಕಬಾರದು? ಅದು ಬಂಡೆಯನ್ನು ಬಡಿಯಲ್ಲ, ಸುತ್ತ ಕೊರೆಯುತ್ತೆ. ಸದ್ದು ಕಿರ್ ಅಂತ ಇರುತ್ತೆ, ಕಂಪನ ತುಂಬ ಕಡಿಮೆ.

ಸೈಟ್‌ನಲ್ಲಿರುವವ

ಚಿಸೆಲ್ ಒಂದೂವರೆ ಟನ್, 1.2 ಮೀಟರ್‌ನಿಂದ. ಕೋರ್ ಬ್ಯಾರೆಲ್‌ನ ಹಲ್ಲು ನಮ್ಮ ಕಡೆ ಬಂಡೆಯಲ್ಲಿ ಬೇಗ ಸವೆಯುತ್ತೆ. ಲಾಲ್‌ಬಾಗ್ ಬಂಡೆಯ ನೆಂಟ ಅಲ್ವಾ ಇದು! ರೇಟ್ ಕೇಳಿದರೆ ಕಂಟ್ರಾಕ್ಟರ್ ಎದ್ದು ಹೋಗುತ್ತಾರೆ.

ಮಣ್ಣುಪರೀಕ್ಷೆ

36ಕ್ಕೂ ಬೇಡ. ಅಜ್ಜಿ ಮನೆ ಎದುರಿಗೆ ಎಷ್ಟು ಬರುತ್ತೆ, ಎಂಟು? ಹತ್ತು? ಅಷ್ಟಕ್ಕೆ ಮಾತ್ರ ಕೇಳಿ.

ಕೆಲಸ ಶುರು ಮಾಡೋದು ದೂರದ ಮೂಲೆಯಿಂದ. ಮೊದಲ ಚಿಸೆಲ್ ಬೀಳುವಾಗ, ಅಲ್ಲಿಂದ ನಾಲ್ಕು ಮೀಟರ್ ದೂರಕ್ಕೆ ಕಂಪನ ಅಳೆಯುವ ಡಬ್ಬಿ ಇಟ್ಟು ನೋಡಿ. ಅಜ್ಜಿ ಪಾಯಕ್ಕೆ ಎಷ್ಟು ಬರಬಹುದು ಅಂತ ಹತ್ತಿರ ಹೋಗುವ ಮುಂಚೆಯೇ ಅಂದಾಜು ಸಿಗುತ್ತೆ. ಜಾಸ್ತಿ ಬಂದರೆ ಎತ್ತರ ಇಳಿಸಿ. ಎತ್ತರ ಅರ್ಧ ಮಾಡಿದರೆ ಕಂಪನ ಅರ್ಧ ಆಗಲ್ಲ, ಸುಮಾರು ಮುಕ್ಕಾಲಿಗೆ ಸ್ವಲ್ಪ ಕಡಿಮೆ ಆಗುತ್ತೆ. ಪೆಟ್ಟಿನ ಲೆಕ್ಕ ಮಾತ್ರ ಜಾಸ್ತಿಯಾಗುತ್ತೆ. ಅದೂ ಒಂದು ಕಿರಿಕಿರಿ, ನೆನಪಿರಲಿ.

ಹನುಮಂತನಗರ ರಾಯರು

ನನ್ನ ಅನುಭವ ಹೇಳುತ್ತೇನೆ. ನಮ್ಮ ಪಕ್ಕದಲ್ಲಿ ಪೈಲಿಂಗ್ ಆದಾಗ ಮನೆಗೆ ಏನೂ ಆಗಲಿಲ್ಲ. ಎಲ್ಲರೂ ನಿಟ್ಟುಸಿರು ಬಿಟ್ಟೆವು. ಪೈಲಿಂಗ್ ಮುಗಿದು ಮೂರು ವಾರಕ್ಕೆ ಜೆಸಿಬಿ ಬಂದು ಮಣ್ಣು ತೆಗೆದರು. ಆವಾಗ ಅಡುಗೆಮನೆ ಗೋಡೆಯಲ್ಲಿ ಕಿಟಕಿ ಮೂಲೆಯಿಂದ ಮೋಲ್ಡ್ ತನಕ ಓರೆಯಾಗಿ ಬಿರುಕು ಬಿತ್ತು. ಒಂದು ರೂಪಾಯಿ ನಾಣ್ಯ ತೂರಿಸಬಹುದಿತ್ತು. ಫೋನ್ ಮಾಡಿದರೆ, ‘ನಮ್ಮ ಕೆಲಸ ಮುಗಿದು ಮೆಷಿನ್ ಹೋಗಿ ತಿಂಗಳಾಯ್ತು, ಕಂಪನವೇ ಇಲ್ಲವಲ್ಲ’ ಅಂದರು. ಪತ್ರದಲ್ಲಿದ್ದ ನಂಬರ್ ಪೈಲಿಂಗ್‌ನವರದ್ದು, ಅಗೆಯುವವರದ್ದಲ್ಲ. ಇವತ್ತಿನವರೆಗೂ ಅದು ಯಾರ ಬಿರುಕು ಅಂತ ತೀರ್ಮಾನ ಆಗಿಲ್ಲ. ನಾನೇ ತುಂಬಿಸಿ ಬಣ್ಣ ಹೊಡೆಸಿದೆ.

ಮಣ್ಣುಪರೀಕ್ಷೆ

ರಾಯರೇ, ಓರೆ ಬಿರುಕು, ಅದೂ ಅಗೆದ ಮೇಲೆ ಅಂದರೆ ಹೆಚ್ಚಾಗಿ ಕಂಪನ ಅಲ್ಲ. ಮಣ್ಣು ತೆಗೆದಾಗ ಪೈಲ್ ಅಗೆದ ಜಾಗದ ಕಡೆಗೆ ಚೂರು ವಾಲುತ್ತೆ, ಇಲ್ಲವೇ ಎರಡು ಪೈಲ್ ನಡುವಿನಿಂದ ಮಣ್ಣು ಜಾರುತ್ತೆ. ಹಿಂದಿರುವ ಪಾಯ ಆ ಕಡೆಗೆ ಇಳಿಯುತ್ತೆ. ಮನೆ ನೋಡದೆ ಇದೇ ಅಂತ ಖಂಡಿತ ಹೇಳಲಾರೆ. ಆದರೆ ಜನ ಸದ್ದಾಗುವಾಗ ಹೆದರುತ್ತಾರೆ, ಅಪಾಯ ಸದ್ದಿಲ್ಲದೆ ಆಮೇಲೆ ಬರುತ್ತೆ.

ಸೈಟ್‌ನಲ್ಲಿರುವವರೇ, ಬೇಸ್‌ಮೆಂಟ್ ಗೋಡೆ ಎದ್ದು, ಅದರ ಮೇಲಿನ ಮೋಲ್ಡ್ ಬೀಳುವ ತನಕ ಅದೇ ನಂಬರ್ ನಡೆಯಬೇಕು. ಪತ್ರದಲ್ಲಿ ಹಾಗಂತ ಬರೆಯಿರಿ.

ಅಜ್ಜಿ ಮನೆ ಫೋಟೋ ತೆಗೆಯುವಾಗ ಬಿರುಕಿನ ಪಕ್ಕ ಸ್ಕೇಲ್ ಇಡಿ. ಬಿರುಕು ಎಲ್ಲಿ ಮುಗಿಯುತ್ತೋ ಅಲ್ಲಿ ಪೆನ್ಸಿಲ್‌ನಲ್ಲಿ ಅಡ್ಡಗೆರೆ ಎಳೆದು ತಾರೀಖು ಹಾಕಿ. ದೊಡ್ಡದಿದ್ದರೆ ಅಡ್ಡಲಾಗಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಒಂದು ಪಟ್ಟಿ ಮೆತ್ತಿ. ಗೋಡೆ ಅಲುಗಿದರೆ ಪಟ್ಟಿ ಸೀಳುತ್ತೆ. ಕೆಲಸ ಶುರುವಾಗುವ ಒಂದು ವಾರ ಮುಂಚೆಯೇ ಮೆತ್ತಬೇಕು, ಯಾಕೆಂದರೆ ಬಿಸಿಲಿಗೂ ಹಳೇ ಗೋಡೆ ಬಿಡುತ್ತೆ, ಸೇರುತ್ತೆ. ಫೋಟೋದ ಒಂದು ಕಾಪಿ ಅಜ್ಜಿಗೆ ಕೊಡಿ, ಸಹಿ ಹಾಕಿಸಿಕೊಂಡು.

ಗಾಂಧಿಬಜಾರ್ ಗೀತಾ

ಸಹಿ ಅಂದರೆ ಅಜ್ಜಿ ಹೆದರುತ್ತಾರೆ. ಮನೆ ಬರೆಸಿಕೊಳ್ಳುತ್ತಾರೆ ಅಂದುಕೊಳ್ಳುತ್ತಾರೆ. ಮಗನೋ ಮಗಳೋ ಬಂದಾಗ ಹೋಗಿ.

ಸೈಟ್‌ನಲ್ಲಿರುವವ

ಎಲ್ಲ ಓದಿದೆ. ನಿನ್ನೆ ರಾತ್ರಿ ಕೂತು ಬರೆದದ್ದು ಇದು. ಕಂಟ್ರಾಕ್ಟರ್ ಎರಡು ಸಾಲು ಹೊಡೆದುಹಾಕಿಸಿದರು, ಆಮೇಲೆ ಹೇಳುತ್ತೇನೆ.

> ನೆರೆಹೊರೆಯವರಿಗೆ ನಮಸ್ಕಾರ.
>
> ಬರುವ ಸೋಮವಾರದಿಂದ ನಿಮ್ಮ ಪಕ್ಕದ ಸೈಟಿನಲ್ಲಿ ಪೈಲಿಂಗ್ ಕೆಲಸ ನಡೆಯುತ್ತದೆ. ನೆಲದಲ್ಲಿ 36 ಗುಂಡಿ ಕೊರೆದು ಕಾಂಕ್ರೀಟ್ ತುಂಬುತ್ತೇವೆ. ಮುಂದೆ ನಾವು ಬೇಸ್‌ಮೆಂಟಿಗೆ ಅಗೆಯುವಾಗ ನಿಮ್ಮ ಕಡೆಯ ಮಣ್ಣು ಜಾರದೆ ನಿಲ್ಲಲಿ ಅಂತ ಈ ಪೈಲ್‌ಗಳು. ಸುಮಾರು ಮೂರು ವಾರ ಆಗುತ್ತದೆ.
>
> ಇದರಿಂದ ನಿಮಗೆ ತೊಂದರೆ ಆಗುತ್ತದೆ. ಅದಕ್ಕೆ ಕ್ಷಮೆ ಕೇಳುತ್ತೇವೆ. ಮೆಷಿನ್ ಸದ್ದು ದಿನದ ಹೆಚ್ಚು ಹೊತ್ತು ಇರುತ್ತದೆ. ಬಂಡೆ ಸಿಕ್ಕಾಗ ಭಾರವಾದ ಕಬ್ಬಿಣದ ಚಿಸೆಲ್ ಬಿಡಬೇಕಾಗುತ್ತದೆ. ಆಗ ಧಡ್ ಅನ್ನುವ ಸದ್ದು ಬರುತ್ತದೆ, ನೆಲ ಅದುರಿದ ಹಾಗೆ ಆಗುತ್ತದೆ, ಪಾತ್ರೆ, ಕಿಟಕಿ ಗಾಜು ಸದ್ದು ಮಾಡಬಹುದು.
>
> ಕೆಲಸದ ಸಮಯ: ಸೋಮವಾರದಿಂದ ಶನಿವಾರ, ಬೆಳಿಗ್ಗೆ 9ರಿಂದ ಸಂಜೆ 6. ಮಧ್ಯಾಹ್ನ 1ರಿಂದ 2 ಪೂರ್ತಿ ನಿಲ್ಲಿಸುತ್ತೇವೆ. ಚಿಸೆಲ್ ಬಿಡುವುದು 11ರಿಂದ 1, ಮತ್ತೆ 3ರಿಂದ 5 ಮಾತ್ರ. ಮಧ್ಯಾಹ್ನ 3ರ ನಂತರ ಹೊಸ ಗುಂಡಿ ಶುರು ಮಾಡುವುದಿಲ್ಲ. ಭಾನುವಾರ ಕೆಲಸ ಇಲ್ಲ. ಕಾಂಕ್ರೀಟ್ ಲಾರಿ ತಡವಾದ ದಿನ ತುಂಬುವ ಕೆಲಸ ಮಾತ್ರ 6 ದಾಟಬಹುದು. ಹಾಗಾದರೆ ಅವತ್ತೇ ಸಂಜೆ 5ರ ಒಳಗೆ ತಿಳಿಸುತ್ತೇವೆ.
>
> ಮನೆಯಲ್ಲಿ ಹಸುಗೂಸು, ಆಪರೇಷನ್ ಆದವರು, ಪರೀಕ್ಷೆಗೆ ಓದುವವರು, ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವರು ಇದ್ದರೆ ಈಗಲೇ ಹೇಳಿ. ಯಾವ ಪೈಲ್ ಯಾವ ದಿನ ಅನ್ನುವುದನ್ನು ಸ್ವಲ್ಪ ಹಿಂದೆಮುಂದೆ ಮಾಡಬಹುದು.
>
> ದೂರು ಇದ್ದರೆ ಕೆಳಗಿನ ನಂಬರಿಗೆ ಫೋನ್ ಅಥವಾ ವಾಟ್ಸಾಪ್ ಮಾಡಿ. ಫೋನ್ ತೆಗೆಯುವುದು ಸೈಟ್ ಎಂಜಿನಿಯರ್, ಅವರಿಲ್ಲದಾಗ ಫೋರ್‌ಮನ್. ಕೆಲಸ ನಿಲ್ಲಿಸುವ ಅಧಿಕಾರ ಇಬ್ಬರಿಗೂ ಇದೆ. ಅರ್ಧ ಗಂಟೆಯಲ್ಲಿ ನಿಮ್ಮ ಮನೆಗೆ ಬಂದು ನೋಡುತ್ತೇವೆ. ಬೇಸ್‌ಮೆಂಟಿನ ಮೇಲಿನ ಮೋಲ್ಡ್ ಬೀಳುವ ತನಕ ಇದೇ ನಂಬರ್ ಇರುತ್ತದೆ.

ಹೊಡೆದುಹಾಕಿಸಿದ್ದು ಏನು ಅಂದರೆ, ‘ನಮ್ಮ ಕೆಲಸದಿಂದ ಬಿರುಕು ಬಿದ್ದರೆ ನಾವೇ ಸರಿಮಾಡಿಕೊಡುತ್ತೇವೆ’ ಅನ್ನುವ ಸಾಲು, ಮತ್ತು ಅದನ್ನು ನೋಡಲು ಹೊರಗಿನ ಎಂಜಿನಿಯರ್ ಬರುತ್ತಾರೆ ಅನ್ನುವ ಸಾಲು. ಬಾಯಲ್ಲಿ ಒಪ್ಪಿದ್ದಾರೆ, ಕಾಗದದಲ್ಲಿ ಬೇಡವಂತೆ.

ಹನುಮಂತನಗರ ರಾಯರು

ಬಾಯಿಮಾತಿನ ಕಥೆ ನನಗೆ ಗೊತ್ತಿಲ್ವಾ? ಆ ಎರಡು ಸಾಲು ಇಲ್ಲದಿದ್ದರೆ ಮಿಕ್ಕಿದ್ದೆಲ್ಲ ಟೈಮ್‌ಟೇಬಲ್ ಅಷ್ಟೇ.

ಬನಶಂಕರಿ ಬಾಬು

ಕಂಟ್ರಾಕ್ಟರ್ ಮಾಡಿದ್ದು ಸರಿ. ಬರೆದು ಕೊಟ್ಟರೆ ಬೀದಿಯವರೆಲ್ಲ ಮನೆಗೆ ಬಣ್ಣ ಹೊಡೆಸಿಕೊಳ್ಳುತ್ತಾರೆ.

ಮಣ್ಣುಪರೀಕ್ಷೆ

ಇದರಲ್ಲಿ ನಾನು ರಾಯರ ಕಡೆ. ಬೀದಿಗೆಲ್ಲ ಬೇಡ, ಫೋಟೋ ತೆಗೆದ ಮನೆಗಳಿಗಾದರೂ ಬೇರೆ ಕಾಗದದಲ್ಲಿ ಕೊಡಿಸಿ. ಮಿಕ್ಕಂತೆ ಪತ್ರ ಚೆನ್ನಾಗಿದೆ. ಗೇಟಿಗೆ ಸಿಕ್ಕಿಸಬೇಡಿ, ಬೆಲ್ ಮಾಡಿ ಕೈಗೆ ಕೊಡಿ.

ಸೈಟ್‌ನಲ್ಲಿರುವವ

ಹನ್ನೊಂದನೇ ದಿನದ ಸುದ್ದಿ.

21 ಮನೆಗೆ ಪತ್ರ ಕೈಗೇ ಕೊಟ್ಟೆ. ಅಜ್ಜಿ ಮಗಳು ಬಂದಿದ್ದಾಗ ಫೋಟೋ ತೆಗೆದೆವು, 14 ಹಳೇ ಬಿರುಕು ಸಿಕ್ಕಿತು. ದೂರದ ಮೂಲೆಯ ಮೊದಲ ಪೈಲ್‌ನಲ್ಲಿ ನಾಲ್ಕು ಮೀಟರಿಗೆ ಅಳೆದರೆ, ಬರೀ ರಿಗ್ ಓಡುವಾಗ 0.4, ಚಿಸೆಲ್ ಬಿದ್ದಾಗ 2.1. ಎತ್ತರವನ್ನು 0.6 ಮೀಟರಿಗೆ ಇಳಿಸಿದಾಗ 1.5. ಆ ಕಾಗದ ತೋರಿಸಿದ ಮೇಲೆ ಅಜ್ಜಿ ಮನೆ ಕಡೆಯ ಎಂಟು ಪೈಲ್‌ಗೆ ಕೋರ್ ಬ್ಯಾರೆಲ್ ತರಿಸಲು ಕಂಟ್ರಾಕ್ಟರ್ ಒಪ್ಪಿದರು. ರಿಪೇರಿಯ ಬೇರೆ ಕಾಗದ ಮಾತ್ರ ಇನ್ನೂ ಸಹಿ ಆಗಿಲ್ಲ. ದಿನಾ ಕೇಳುತ್ತಿದ್ದೇನೆ.

ಒಟ್ಟು ಒಂಬತ್ತು ಫೋನ್ ಬಂತು. ಆರು ಫೋನ್ ಒಂದೇ ಮನೆಯಿಂದ, ಮೊದಲ ದಿನವೇ, ಸಿಕ್ಕಾಪಟ್ಟೆ ಬೈಗುಳ. ನಮ್ಮ ಹಿಂದಿನ ಕಾಂಪೌಂಡಿಗೆ ಬೆನ್ನು ಕೊಟ್ಟಿರುವ ಮನೆ ಅದು. ಅದರ ಬಾಗಿಲು ಆ ಕಡೆಯ ಕ್ರಾಸಿಗೆ. ನಮ್ಮ ರಸ್ತೆಯ ಎರಡೂ ಬದಿ ಪತ್ರ ಹಂಚಿದೆ, ಹಿಂದಿನ ಕ್ರಾಸ್ ನೆನಪೇ ಆಗಲಿಲ್ಲ. ಅವರ ಮಲಗುವ ಕೋಣೆ ಪೈಲ್ ಸಾಲಿನಿಂದ ಆರು ಮೀಟರ್. ಯಜಮಾನರಿಗೆ ಆಸ್ಪತ್ರೆಯಲ್ಲಿ ರಾತ್ರಿ ಡ್ಯೂಟಿ, ಹಗಲು ನಿದ್ದೆ. ನಮ್ಮ ನಂಬರ್ ಅವರಿಗೆ ಸಿಕ್ಕಿದ್ದು ಅಜ್ಜಿಯಿಂದ.

ಗಾಂಧಿಬಜಾರ್ ಗೀತಾ

ಆಮೇಲೆ?

ಸೈಟ್‌ನಲ್ಲಿರುವವ

ಸಂಜೆ ಪತ್ರ ತಗೊಂಡು ಹೋದೆ. ಬಾಗಿಲಲ್ಲೇ ನಿಲ್ಲಿಸಿ ಓದಿದರು. ‘ಪಾಳಿ ಇದ್ದರೆ ಈಗಲೇ ಹೇಳಿ’ ಅನ್ನುವ ಸಾಲಿನ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದರು. ಅವರ ಕಡೆಯ ಹತ್ತು ಪೈಲ್‌ಗೆ ಬೆಳಿಗ್ಗೆ ಚಿಸೆಲ್ ಇಲ್ಲ, 3ರ ಮೇಲೆ ಮಾತ್ರ ಅಂತ ಮಾಡಿಕೊಂಡೆವು. ಹಾಗಾಗಿ ಆ ಸಾಲಿನಲ್ಲಿ ದಿನಕ್ಕೆ ಒಂದೇ ಪೈಲ್ ಆಗುತ್ತಿದೆ. ಮೂರು ವಾರ ಅಂತ ಬರೆದದ್ದು ನಾಲ್ಕಾಗುತ್ತೆ. ಉಳಿದ 21 ಮನೆಗೆ ಅದನ್ನು ಹೇಳಲು ನಾಳೆ ಇನ್ನೊಂದು ಪತ್ರ ಹಂಚಬೇಕು.